ತಿರುವಿನ ಕಂಬಗಳು

ನನ್ನ ತಮ್ಮನಿಗೆ ಈಗ ಐವತ್ತು. ರೈಲಿನಲ್ಲಿ ಕಿಟಕಿ ಪಕ್ಕ ಕೂರು ಎಂದರೆ ಮುಖ ತಿರುಗಿಸುತ್ತಾನೆ. ಹನ್ನೊಂದರ ವಯಸ್ಸಿನಲ್ಲಿ ಆ ಜಾಗಕ್ಕಾಗಿ ನನ್ನ ಜಡೆ ಎಳೆದು ರಂಪ ಮಾಡಿದವನು ಇವನೇ.

ಅಪ್ಪನದು ಹಳಿಯ ಮೇಲಿನ ವಿದ್ಯುತ್ ತಂತಿ ದುರಸ್ತಿ ಮಾಡುವ ಕೆಲಸ. ರೈಲಿನ ವೇಗ ಅಳೆಯುವುದನ್ನು ಅವರೇ ಇವನ ತಲೆಗೆ ತುಂಬಿದ್ದರು. ಕಂಬದಿಂದ ಕಂಬಕ್ಕೆ ಅರವತ್ತು ಮೀಟರ್. ಮೊದಲ ಕಂಬಕ್ಕೆ ಸೊನ್ನೆ ಅನ್ನಬೇಕು, ಏಕೆಂದರೆ ಎಣಿಸಬೇಕಾದ್ದು ನಡುವಿನ ಅಂತರಗಳನ್ನು. ಮೂವತ್ತಾರು ಸೆಕೆಂಡಿಗೆ ಎಷ್ಟು ಅಂತರ ದಾಟಿತೋ ಅದನ್ನು ಆರರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ.

ಆ ವರ್ಷ ಅಪ್ಪ ಏಣಿಯಿಂದ ಬಿದ್ದರು. ದೂರದ ಆಸ್ಪತ್ರೆಗೆ ಸೇರಿಸಿದ್ದರು. ನಾಲ್ಕು ಮುಕ್ಕಾಲಿಗೆ ಆಪರೇಷನ್, ಅಷ್ಟರೊಳಗೆ ಬಂದರೆ ಮಾತಾಡಬಹುದು, ಆಮೇಲಿನದು ಹೇಳಲಾಗದು ಎಂದು ಡಾಕ್ಟರು ಸುದ್ದಿ ಕಳಿಸಿದ್ದರು. ಅಮ್ಮ, ನಾನು, ತಮ್ಮ ಸಿಕ್ಕಿದ ರೈಲು ಹತ್ತಿದೆವು. ಅದೋ ಹೊಳೆಯ ಪಕ್ಕ ಬಾಗಿ ಬಾಗಿ ಹೋಗುವ ದಾರಿ.

ಮೂರು ಗಂಟೆಗೆ ಒಂದು ನಿಲ್ದಾಣದಲ್ಲಿ ನಿಂತಿತು. ಇನ್ನೂ ತೊಂಬತ್ತು ಕಿಲೋಮೀಟರ್. ಹೊರಗೆ ಬಸ್ಸು ಹೊರಡಲು ನಿಂತಿದೆ, ನಾಲ್ಕೂವರೆಗೆ ಮುಟ್ಟಿಸುತ್ತದೆ ಎಂದ ಟೀ ಮಾರುವವನು. ಅಮ್ಮ ಚೀಲ ಹಿಡಿದು ಎದ್ದಳು.

"ಮೂರು ಸಲ ಎಣಿಸಿದೀನಿ ಅಮ್ಮ, ಹತ್ತು ಅಂತರ. ಅರವತ್ತರಲ್ಲಿ ಹೋಗ್ತಿದೆ. ನಾವೂ ನಾಲ್ಕೂವರೆಗೇ ಹೋಗ್ತೀವಿ," ಎಂದ ತಮ್ಮ.

"ನಿಮ್ಮಪ್ಪ ಕಲಿಸಿದ್ದಲ್ವಾ," ಎಂದು ಅಮ್ಮ ಮತ್ತೆ ಕೂತಳು.

ತಲುಪಿದಾಗ ಐದು. ಅಪ್ಪನನ್ನು ಒಳಗೆ ಕರೆದೊಯ್ದಾಗಿತ್ತು. ಜೀವಂತ ಹೊರಗೆ ಬರಲಿಲ್ಲ.

ಮೊಗಸಾಲೆಯಲ್ಲಿ ತಮ್ಮ ತನ್ನ ಲೆಕ್ಕವನ್ನು ಅಪ್ಪನ ಜೊತೆಗಾರನಿಗೆ ಒಪ್ಪಿಸಿದ. ಆ ಪುಣ್ಯಾತ್ಮ ಪಾಠ ಮಾಡಲು ನಿಂತ.

"ನೆಟ್ಟಗಿರೋ ಹಳೀಲಿ ಅರವತ್ತು ಮಗು. ತಿರುವಲ್ಲಿ ಹಳಿ ಬಾಗುತ್ತೆ, ತಂತಿ ಮಾತ್ರ ಕಂಬದಿಂದ ಕಂಬಕ್ಕೆ ನೆಟ್ಟಗೇ ಇರುತ್ತೆ. ಕಂಬ ದೂರ ಇಟ್ರೆ ತಂತಿ ಎಂಜಿನ್ ಮೇಲಿಂದ ಪಕ್ಕಕ್ಕೆ ಸರಿದುಬಿಡುತ್ತೆ. ಅದಕ್ಕೇ ಅಲ್ಲಿ ನಲವತ್ತೈದಕ್ಕೊಂದು ಕಂಬ."

ತಮ್ಮನ ತುಟಿ ಅಲುಗಿತು. ಹತ್ತು ಅಂತರಕ್ಕೆ ನಾನೂರೈವತ್ತು ಮೀಟರ್. ವೇಗ ಅರವತ್ತಲ್ಲ, ನಲವತ್ತೈದು. ತೊಂಬತ್ತಕ್ಕೆ ಎರಡು ಗಂಟೆ. ಅವನು ಅಳಲಿಲ್ಲ. ನನಗೆ ಆ ಮನುಷ್ಯನ ಬಾಯಿಗೆ ಬಟ್ಟೆ ತುರುಕಬೇಕೆನಿಸಿತು.

ಅಮ್ಮ ಅವನನ್ನು ಹತ್ತಿರ ಎಳೆದುಕೊಂಡಳು. "ಆ ಬಸ್ಸು ದಾರೀಲಿ ಕೆಟ್ಟು ನಿಂತಿತ್ತಂತೆ ಕಣೋ. ಅದ್ರಲ್ಲಿ ಬಂದಿದ್ರೂ ಅಪ್ಪ ಸಿಗ್ತಿರಲಿಲ್ಲ."

ಹಸಿ ಸುಳ್ಳು. ಅಮ್ಮ ಆ ಮೊಗಸಾಲೆ ಬಿಟ್ಟು ಕದಲಿರಲಿಲ್ಲ, ಬಸ್ಸಿನ ಸುದ್ದಿ ಅವಳಿಗೆ ಯಾರು ಹೇಳಬೇಕು? ತಮ್ಮ ತಲೆಯಾಡಿಸಿದ. ಮುಂದೆ ಮೂವತ್ತು ವರ್ಷ, ಇವನು ಮಂಕಾಗಿ ಕೂತಾಗಲೆಲ್ಲ ಅವಳು ಅದನ್ನೇ ಹೇಳಿದಳು, ಇವನು ತಲೆಯಾಡಿಸಿದ.

ಅಮ್ಮ ತೀರಿಕೊಂಡ ವಾರ ತಮ್ಮ ನನ್ನೊಡನೆ ಬಾಯಿಬಿಟ್ಟ. "ಬಸ್ಸು ನಾಲ್ಕು ಇಪ್ಪತ್ತೈದಕ್ಕೇ ಬಂದಿತ್ತು ಅಕ್ಕ. ಮಾರನೇ ದಿನವೇ ಬಸ್ ನಿಲ್ದಾಣಕ್ಕೆ ಹೋಗಿ ಕೇಳಿದ್ದೆ."

"ಮತ್ತೆ ಇಷ್ಟು ವರ್ಷ ಸುಮ್ನಿದ್ದೆಯಲ್ಲೋ?"

"ನಾನು ನಂಬಿದೀನಿ ಅಂತ ಅಮ್ಮ ನಂಬಿದ್ಲಲ್ಲ," ಎಂದ.