ಟ್ಯಾಂಕಿನ ಕೆಳಗಿನ ಜಾಲರಿಯೂ ಒಂದು ಬಿಳಿ ದಾರವೂ

ಮಧುಗಿರಿಯ ನಮ್ಮ ಮೂರಂತಸ್ತಿನ ಕಟ್ಟಡದ ಜಲಾಧಿಪತಿ ನಾನೇ, ನೇಮಿಸಿದವನೂ ನಾನೇ. ಬೋರಿನ ನೀರಿನಲ್ಲಿ ಸಣ್ಣ ಮರಳು ಬರುತ್ತಿತ್ತು. ಕೆಳಗೆ ಬಾಡಿಗೆಗಿದ್ದ ಹಲ್ಲಿನ ಡಾಕ್ಟರ ಕುರ್ಚಿಯ ಸಣ್ಣ ಪೈಪು ಅದರಿಂದ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಇದು ನಿಲ್ಲದಿದ್ದರೆ ಕ್ಲಿನಿಕ್ಕನ್ನೇ ಶಿರಾಕ್ಕೆ ಎತ್ತುವುದಾಗಿ ಅವರು ಹೇಳಿಬಿಟ್ಟರು.

ತಾರಸಿಯ ಟ್ಯಾಂಕಿನಿಂದ ಇಳಿಯುವ ಮುಖ್ಯ ಪೈಪಿಗೆ ವೈ-ಸ್ಟ್ರೈನರ್ ಹಾಕಿಸಿದೆ. ಪೈಪಿನಿಂದ ಓರೆಯಾಗಿ ಕೆಳಗಿಳಿದ ಒಂದು ಕಾಲು, ಅದರೊಳಗೆ ಉಕ್ಕಿನ ಜಾಲರಿ.

"ಇಂಚಿಗೆ ನಲ್ವತ್ತು ಕಣ್ಣಿಂದು ಸಾಕು ಸಾಮಿ" ಎಂದ ಕೊರಟಗೆರೆಯ ಪ್ಲಂಬರ್.

ಕಾಫಿ ಸೋಸುವುದರಲ್ಲಿ ನನಗೆ ಐವತ್ತು ವರ್ಷದ ಅನುಭವ. ಕಣ್ಣು ಸಣ್ಣದಾದಷ್ಟೂ ಒಳ್ಳೆಯದೆಂದು ನೂರಿಪ್ಪತ್ತರದನ್ನೇ ಹಾಕಿಸಿದೆ.

ಪ್ಲಂಬರ್ ವಾರಕ್ಕೊಮ್ಮೆ ಬಂದು ತೊಳೆಯುತ್ತಿದ್ದ. ಮೊದಲು ಪಕ್ಕದ ಬೈಪಾಸ್ ವಾಲ್ವ್ ತೆರೆಯುವನು. ನೀರು ಜಾಲರಿ ತಪ್ಪಿಸಿ ಆ ದಾರಿ ಹಿಡಿದ ಮೇಲೆ ಸ್ಟ್ರೈನರಿನ ಆಚೆ ಈಚೆಯ ಎರಡು ವಾಲ್ವ್‌ ಮುಚ್ಚಿ, ಜಾಲರಿ ಬಿಚ್ಚಿ ಬ್ರಷ್ಷಿನಲ್ಲಿ ಉಜ್ಜುವನು. ಮತ್ತೆ ಕೂರಿಸಿ, ಆ ಎರಡನ್ನೂ ತೆರೆದು, ಕೊನೆಗೆ ಬೈಪಾಸ್ ಮುಚ್ಚುವನು. ಕೆಳಗಿನ ಒಂದು ನಲ್ಲಿಯೂ ನಿಲ್ಲುತ್ತಿರಲಿಲ್ಲ.

ಮೊದಲೆರಡು ವಾರ ಜಾಲರಿ ತುಂಬ ಮರಳು. ಮೂರನೆಯ ವಾರ ಅದು ಹೊಸ ತಟ್ಟೆಯಂತೆ ಹೊಳೆಯುತ್ತಿತ್ತು. ನಾನು ಬೀಗುವ ಹೊತ್ತಿಗೆ ಡಾಕ್ಟರು ಮೆಟ್ಟಿಲು ಹತ್ತಿ ಬಂದರು. ಕುರ್ಚಿಯ ಪೈಪು ಮತ್ತೆ ಕಟ್ಟಿತ್ತು.

"ಜಾಲ್ರಿ ಇಷ್ಟು ಕ್ಲೀನಾಗೈತೆ ಅಂದ್ರೆ ನೀರು ಇದ್ರೊಳಿಕ್ಕೇ ಬರ್ತಿಲ್ಲ ಸಾಮಿ, ಬೈಪಾಸ್ ತೆಗ್ದೇ ಐತೆ" ಎಂದ ಪ್ಲಂಬರ್. ಕಳ್ಳನೇ ಬೀಗದ ಬಗ್ಗೆ ಉಪನ್ಯಾಸ ಕೊಟ್ಟಂತೆ ಕೇಳಿಸಿತು. ಮತ್ತೆ ಮತ್ತೆ ಕರೆಸಿಕೊಳ್ಳಲು ಇವನೇ ಬೈಪಾಸನ್ನು ತೆರೆದಿಟ್ಟು ಹೋಗುತ್ತಾನೆಂದು ತೀರ್ಮಾನಿಸಿದೆ. ಅವನು ಅದನ್ನು ಮುಚ್ಚಿ ಹೋದದ್ದನ್ನು ಕಣ್ಣಾರೆ ನೋಡಿ, ಹಿಡಿಗೆ ಬಿಳಿ ದಾರ ಬಿಗಿದೆ.

ಮರುದಿನ ಹತ್ತು ಗಂಟೆಗೆ ದಾರ ತುಂಡಾಗಿತ್ತು. ಹಿಡಿ ಅರ್ಧ ತಿರುಗಿತ್ತು. ಪ್ಲಂಬರ್ ಪಾವಗಡದಲ್ಲಿದ್ದ. ತಾರಸಿಯಲ್ಲಿ ಇದ್ದವಳು ಮೆಣಸಿನಕಾಯಿ ಹರಡುತ್ತಿದ್ದ ನಮ್ಮ ಅಕ್ಕ. ಅವಳದು ಮೇಲಿನ ಮಹಡಿ.

"ನಾನೇ ಕಣೋ ತಿರುವಿದ್ದು, ಹೋದ ವಾರಾನೂ ನಾನೇಯ. ನೀನು ಜಾಲ್ರಿ ಹಾಕ್ಸಿದ್ಮ್ಯಾಕೆ ನನ್ನ ನಲ್ಲೀಲಿ ತೊಟ್ಟಿಕ್ತದೆ ಅಷ್ಟೇಯ. ಇದನ್ನ ತಿರುವುದ್ರೆ ಧೋ ಅಂತದೆ. ದಾರ ಯಾಕ್ಲಾ ಕಟ್ಟಿದ್ದೆ, ದೃಷ್ಟಿಗಾ?"

ಹೂಂ ಎಂದೆ.

ಸಂಜೆ ಪ್ಲಂಬರ್ ಬಂದಾಗ ಸತ್ಯ ಒಪ್ಪಿಕೊಂಡೆ. ಟ್ಯಾಂಕಿಗೆ ಅಷ್ಟು ಹತ್ತಿರ ನೀರಿಗೆ ಒತ್ತಡವಿರುವುದು ಕಡಿಮೆ. ನನ್ನ ನೂರಿಪ್ಪತ್ತು ಕಣ್ಣಿನ ಜಾಲರಿ ತೊಳೆದ ದಿನವೂ ನೀರನ್ನು ತಡೆದು, ಮೊದಲ ಪೆಟ್ಟು ಮೇಲಿನ ಮಹಡಿಗೇ ಬೀಳುತ್ತಿತ್ತು. ಅವನು ಮುಖ್ಯ ಪೈಪಿಗೆ ನಲ್ವತ್ತರದನ್ನು ಕೂರಿಸಿದ. ಒತ್ತಡ ಹೆಚ್ಚಿರುವ ಕೆಳಗೆ, ಡಾಕ್ಟರ ಪೈಪಿಗೆ ಮಾತ್ರ ಸಣ್ಣ ಮರಳು ಹಿಡಿಯುವ ಫಿಲ್ಟರ್ ಹಾಕಿದ. ಕ್ಲಿನಿಕ್ ಮುಚ್ಚಿದ ಮೇಲೆ ಆ ಒಂದನ್ನೇ ನಿಲ್ಲಿಸಿ ತೊಳೆದರಾಯಿತು.

ತಿಂಗಳಾದರೂ ಕುರ್ಚಿಯ ಪೈಪು ಕಟ್ಟಲಿಲ್ಲ. ಡಾಕ್ಟರು ಶಿರಾದ ಮಾತು ಬಿಟ್ಟು, ಬಾಗಿಲಿಗೆ ಹೊಸ ಬೋರ್ಡು ಹಾಕಿಸಿದರು.

ಹಳೆಯ ಜಾಲರಿಯನ್ನು ಪ್ಲಂಬರ್ ಒರೆಸಿ ನನ್ನ ಕೈಗಿಟ್ಟಿದ್ದ: "ಮಡಿಕ್ಕಳಿ ಸಾಮಿ, ಕಾಪಿಗೆ ಆಯ್ತದೆ."