ಇಪ್ಪತ್ತು ಬೈಟಿನ ಎಂಟು ಫೈಲು

ಮಹಾಂತೇಶ ನಗರದ ನಮ್ಮ ಕಣ್ಣಿನ ಆಸ್ಪತ್ರೆಗೆ ನಾನು ಆಡಳಿತಾಧಿಕಾರಿ. ಅಂದರೆ ಎಲ್ಲದಕ್ಕೂ ಸಹಿ ಹಾಕುವವನು, ಯಾವುದನ್ನೂ ಓದದವನು. ಕಂಪ್ಯೂಟರು ನೋಡಿಕೊಳ್ಳುವವಳು ದಾನೇಶ್ವರಿ. ದಿನಾ ಖಾನಾಪುರದಿಂದ ಬಸ್ಸಿಗೆ ಬಂದು, ಊಟದ ಡಬ್ಬಿ ಕೆಳಗಿಡುವ ಮೊದಲೇ ಸರ್ವರ್ ತೆರೆದು ನೋಡುತ್ತಾಳೆ.

ಹದಿನಾಲ್ಕು ವರ್ಷದ ರೋಗಿಗಳ ದಾಖಲೆ ಅದರಲ್ಲಿದೆ. ಅವಳು ಬರೆದ ಸ್ಕ್ರಿಪ್ಟನ್ನು ಹೊತ್ತಿಗೆ ಸರಿಯಾಗಿ ಕೆಲಸ ಹಚ್ಚುವ ಕ್ರಾನ್ ಎಂಬ ಪ್ರೋಗ್ರಾಮು ರಾತ್ರಿ ಒಂದಕ್ಕೆ ತಪ್ಪದೆ ಓಡಿಸುತ್ತದೆ. ಡೇಟಾಬೇಸಿನ ಪ್ರತಿ ತೆಗೆದು, ಜಿಜಿಪ್‌ನಿಂದ ಒತ್ತಿ ಚಿಕ್ಕದು ಮಾಡಿ, ಬೇರೆ ಡಿಸ್ಕಿನಲ್ಲಿಟ್ಟು, ವಾರ ದಾಟಿದ ಪ್ರತಿಗಳನ್ನು ಅಳಿಸುವುದು ಅದರ ಕೆಲಸ. ಬೆಳಿಗ್ಗೆ ಫೈಲಿನ ಹೆಸರು, ಗಾತ್ರ ರಿಜಿಸ್ಟರಿಗೆ ಬರೆದು ಅವಳು ನನ್ನ ಮುಂದಿಡುತ್ತಿದ್ದಳು.

“ಈ ಗಾತ್ರದ ಕಾಲಂ ಯಾಕವಾ? ನನ್ನ ಸಹಿಗೆ ಜಾಗಾನ ಉಳಿಯಂಗಿಲ್ಲ,” ಎಂದೆ ಒಮ್ಮೆ.

“ಸಹಿನ ಸ್ವಲ್ಪ ಸಣ್ಣದ ಮಾಡ್ರಿ ಸರ.”

ಹೊಸ ರಿಜಿಸ್ಟರು ಅಚ್ಚಿಗೆ ಹೋದಾಗ ಆ ಕಾಲಂ ತೆಗೆಸಿದೆ. ಸಹಿ ಇನ್ನೂ ದೊಡ್ಡದಾಯಿತು.

ಆಮೇಲೆ ಅವಳು ತಂಗಿಯ ಮದುವೆಗೆ ನಾಲ್ಕು ದಿನ ರಜೆ ಹೋದಳು. ಮೊದಲ ದಿನವೇ ನಾನೊಂದು ಸುರಕ್ಷತೆಯ ಭಾಷಣ ಕೇಳಿ ಬಂದು, ಸಾಫ್ಟ್‌ವೇರ್ ಕೊಟ್ಟ ಕಂಪನಿಯ ಗೌರವ್‌ನ ಕೈಯಿಂದ ಡೇಟಾಬೇಸಿನ ಪಾಸ್‌ವರ್ಡೆಲ್ಲ ಬದಲಿ ಮಾಡಿಸಿದೆ. ಹೊಸದನ್ನು ಚೀಟಿಯಲ್ಲಿ ಬರೆದು ಡ್ರಾವರಿನಲ್ಲಿಟ್ಟು ಕೀಲಿ ಹಾಕಿದೆ. ಎಷ್ಟು ಸುರಕ್ಷಿತವೆಂದರೆ, ದಾನೇಶ್ವರಿಗೂ ಹೇಳಲಿಲ್ಲ.

ಅದಾದ ಹನ್ನೆರಡನೆಯ ದಿನ ಸರ್ವರಿನ ಡಿಸ್ಕ್ ಕೆಟ್ಟಿತು. ಬೀಡಿ ಎಂಬ ಊರಿನ ಕಣ್ಣಿನ ಶಿಬಿರದಿಂದ ಕಳಿಸಿದ ರೋಗಿಗಳು ಹೊರಗೆ ಸಾಲಾಗಿ ಕುಳಿತಿದ್ದರು. ಬ್ಯಾಕಪ್ ಇದೆಯಲ್ಲ ಎಂದು ನಾನು ಚಹಾ ತರಿಸಿದೆ.

ಪ್ರತಿಗಳ ಪಟ್ಟಿ ತೆರೆದ ದಾನೇಶ್ವರಿ ಲೋಟ ಮುಟ್ಟಲಿಲ್ಲ.

“ಸರ, ಎಂಟು ಫೈಲ ಅದಾವ. ಎಂಟೂ ಇಪ್ಪತ್ತ ಬೈಟ್.”

“ಇಪ್ಪತ್ತಂದ್ರ ಭಾಳೇನು, ಕಮ್ಮಿಯೇನು?”

“ಏನೂ ಇಲ್ಲಂದ್ರ ಇಪ್ಪತ್ರಿ. ಬರೇ ಚೀಲದ ತೂಕ.”

ಪಾಸ್‌ವರ್ಡ್ ಬದಲಾಗಿದೆಯೇ ಎಂದು ಅವಳು ಕೇಳಿದಾಗ, ಡ್ರಾವರಿನ ಚೀಟಿ ತೆಗೆದು ಮುಂದಿಟ್ಟೆ. ಹಳೆಯ ಪಾಸ್‌ವರ್ಡಿನಿಂದ ಸ್ಕ್ರಿಪ್ಟಿಗೆ ಪ್ರತಿ ತೆಗೆಯಲು ಆಗಿರಲಿಲ್ಲ. ಆದರೂ ಜಿಜಿಪ್ ಬರಿಗಾಳಿಯನ್ನೇ ಒತ್ತಿ, ರಾತ್ರಿಗೊಂದು ಫೈಲು ಮಾಡಿ, ತಾರೀಖು ಹಚ್ಚಿದ ಹೆಸರಿನಲ್ಲಿ ಕೂರಿಸಿತ್ತು. ಅಳಿಸುವ ಸಾಲು ಮಾತ್ರ ತನ್ನ ಕೆಲಸ ಪ್ರಾಮಾಣಿಕವಾಗಿ ಮಾಡಿ, ನಿಜವಾದ ಪ್ರತಿಗಳನ್ನು ದಿನಕ್ಕೊಂದರಂತೆ ತೆಗೆದುಹಾಕಿತ್ತು. ಕ್ರಾನ್ ದಿನಾ ತಕರಾರಿನ ಮೇಲ್ ಕಳಿಸಿತ್ತಂತೆ, ಸರ್ವರಿನೊಳಗೆ ಯಾರೂ ತೆರೆಯದ ಪೆಟ್ಟಿಗೆಗೆ. ಗಾತ್ರದ ಕಾಲಂ ಇಲ್ಲದ ರಿಜಿಸ್ಟರಿನಲ್ಲಿ ಅವಳು ಬರೆದದ್ದು ಹೆಸರಷ್ಟೇ, ಆ ಎಂಟೂ ರಾತ್ರಿಗೆ ನನ್ನ ಸಹಿ ಇತ್ತು.

“ತಪ್ಪ ನಂದೂ ಐತ್ರಿ. ಪ್ರತಿ ಸರಿ ಆತೋ ಇಲ್ಲೋ ನೋಡದ ಅಳಸೂ ಹಂಗ ಬರದಿದ್ದೆ. ಇನ್ನ ಡಾಕ್ಟರಿಗೆ ಏನಂತ ಹೇಳೂದ್ರಿ?” ಎಂದಳು.

ಹಾಗೆನ್ನುತ್ತಲೇ ಏನೋ ನೆನಪಾಗಿ ಎದ್ದಳು. “ಖಾನಾಪುರಕ್ಕ ಹೋಗಿ ಬರ್ತೇನ್ರಿ. ರಜಾ ಹೋಗೂ ದಿನ ಒಂದು ಪ್ರತಿ ಪೆನ್ ಡ್ರೈವಿಗೆ ಹಾಕ್ಕೊಂಡಿದ್ದೆ. ಮನಿ ಕಂಪ್ಯೂಟರಿನ್ಯಾಗ ಬಿಚ್ಚಿ, ಹೆಸರೆಲ್ಲ ಬಂದಾವಿಲ್ಲೋ ನೋಡೇನಿ.”

“ಮದವಿ ಮನ್ಯಾಗ?”

“ಹಪ್ಪಳಾ ಕರದ ಮ್ಯಾಗೂ ಒಂದ ಮುರದ ನೋಡತೀವಲ್ರಿ.”

ಸಂಜೆ ದಾಖಲೆ ಮರಳಿತು. ಉಳಿದ ಹನ್ನೆರಡು ದಿನದ್ದನ್ನು ಕಾಗದದ ಚೀಟಿಗಳಿಂದ ನಾನೇ ಟೈಪು ಮಾಡಿದೆ, ಎರಡು ಬೆರಳಲ್ಲಿ, ಐದು ದಿನ. ಈಗ ಪ್ರತಿ ಸರಿಯಾಗಿ ಮುಗಿದರೆ ಮಾತ್ರ ಹಳೆಯದು ಅಳಿಯುತ್ತದೆ. ಶನಿವಾರಕ್ಕೊಮ್ಮೆ ಒಂದನ್ನು ಬಿಚ್ಚಿ ನೋಡುತ್ತಾಳೆ. ಅಚ್ಚಾದ ರಿಜಿಸ್ಟರಿನ ಪುಟಪುಟಕ್ಕೂ ಫೂಟುಪಟ್ಟಿ ಹಿಡಿದು ಗಾತ್ರದ ಕಾಲಮ್ಮಿಗೆ ಗೆರೆ ಎಳೆದವನು ನಾನು. ಸಹಿಗೆ ಉಳಿದದ್ದು ಎರಡಕ್ಷರದ ಜಾಗ.