ಮಾಧುರಿಯ ಕೈಯಲ್ಲಿ ಸಿಗದ ನಾಡಿ

ನನ್ನ ಅಕ್ಕ ಶರಣಮ್ಮನ ಮಗಳು ಮಾಧುರಿ ಮದುವೆಯಾಗಿ ಆರು ವರ್ಷಕ್ಕೆ ಬಸುರಿಯಾದಳು. ಇಪ್ಪತ್ತೆಂಟರ ಹುಡುಗಿ, ನಾವು ನೆಲೆಸಿದ ಮರಾಠಿ ಊರಿನ ಖರಾಡಿ ಬಡಾವಣೆಯ ಕಂಪನಿಯೊಂದರಲ್ಲಿ ಲೆಕ್ಕ ನೋಡುತ್ತಿದ್ದಳು. ಎಂಥ ಮಾತುಗಾತಿ! ಬಾಯಿ ತೆರೆದರೆ ಪಕ್ಕದ ಮನೆಯ ಸಿಡುಕು ಅಜ್ಜಿಯೂ ನಗಬೇಕು. ಈ ಕೂಸೊಂದು ದಕ್ಕಲಿ ಎಂಬುದೇ ನಮ್ಮೆಲ್ಲರ ಆಸೆಯಾಗಿತ್ತು.

ಅದಕ್ಕೂ ಎರಡು ವರ್ಷ ಮೊದಲೇ ರೊಟ್ಟಿ ಬಡಿಯಲು ಕೂತರೆ ಅವಳ ತೋಳು ಸೋಲುತ್ತಿತ್ತು, ಸಂಜೆಯಾದರೆ ಮೈ ಬಿಸಿ. "ಎರಡು ರೊಟ್ಟಿಗೇ ಸುಸ್ತಾದ್ರ ಹೆಂಗವಾ?" ಎಂದು ಅಕ್ಕ ಅಣಕಿಸುವಳು. ಬಸುರಿಯಾದ ಮೇಲೆ ಓಣಿಯ ದವಾಖಾನೆಯಲ್ಲಿ ತೋಳಿಗೆ ಪಟ್ಟಿ ಸುತ್ತಿದಾಗಲೆಲ್ಲ ಮೇಲಿನ ಬಿಪಿಯೇ ಎಂಬತ್ತರ ಆಸುಪಾಸು. "ಲೋ ಬಿಪಿ, ಉಪ್ಪು ಕೊಡಿ" ಎಂದ ಅಲ್ಲಿನ ಡಾಕ್ಟರ್. ಆ ಪುಣ್ಯಾತ್ಮ ಒಂದು ದಿನವಾದರೂ ಅವಳ ಮಣಿಕಟ್ಟು ಹಿಡಿದು ನೋಡಬಾರದಿತ್ತೇ? ಅಕ್ಕನಂತೂ ಉಪ್ಪು ಹಾಕಿದ ಲಿಂಬೆ ಶರಬತ್ತು ಕುಡಿಸಿದ್ದೇ ಕುಡಿಸಿದ್ದು.

ಏಳನೇ ತಿಂಗಳಲ್ಲಿ ಕುಬಸ ಮಾಡಿದೆವು. ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ ಆರತಿ ಎತ್ತುವಾಗ ಮಾಧುರಿ ತಲೆ ಹಿಡಿದುಕೊಂಡಳು. "ಚಿಕ್ಕವ್ವ, ತಲಿ ಸಿಡ್ಯಾಕತ್ತದ. ನಿನ್ನ ಮಾರಿನೂ ಮಸುಕಾಗಿ ಕಾಣಾಕತ್ತದ." ನಾನೂ ಅವಳ ಗಂಡ ಶಿವಪ್ರಕಾಶನೂ ಅವಳನ್ನು ಶಿವಾಜಿನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು.

ಅಲ್ಲಿ ಡಾಕ್ಟರ್ ಕೇತಕಿ ಬಳೆ ಸರಿಸಿ ನಾಡಿ ಹುಡುಕಿದರು. ಎಡಗೈಯಲ್ಲಿ ಇಲ್ಲ. ಬಲಗೈಯಲ್ಲೂ ಇಲ್ಲ. ಕತ್ತಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ದೊಡ್ಡ ಪಟ್ಟಿಯೊಂದನ್ನು ತರಿಸಿ ತೊಡೆಗೆ ಸುತ್ತಿದರು. ಇನ್ನೂರ ಇಪ್ಪತ್ತು! ಅಯ್ಯೋ ಶಿವನೇ! ಕೈಗೆ ಹೋಗುವ ರಕ್ತನಾಳಗಳೇ ಕಿರಿದಾಗಿವೆ, ಅದಕ್ಕೇ ಕೈಯಲ್ಲಿ ಕಂಡ ಬಿಪಿ ಸುಳ್ಳು ಎಂದು ಮರಾಠಿಯಲ್ಲಿ ತಿಳಿಸಿ, ಒತ್ತಡ ಇಳಿಸುವ ಇಂಜೆಕ್ಷನ್ ಕೊಡಿಸಿದರು. ಸೋನೋಗ್ರಫಿಯಲ್ಲಿ ಕೂಸಿನ ಎದೆಬಡಿತ ಇರಲಿಲ್ಲ.

ಸತ್ತ ಕೂಸನ್ನು ಹೆತ್ತ ಮೇಲೆ ಸಿಟಿ ಸ್ಕ್ಯಾನ್ ಮಾಡಿದರು. ರೋಗದ ಹೆಸರು ಟಕಾಯಾಸು. ದೇಹದ ಕಾವಲು ಪಡೆಯೇ ತನ್ನ ದೊಡ್ಡ ರಕ್ತನಾಳಗಳ ಗೋಡೆ ಊದಿಸುತ್ತದಂತೆ, ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೇ ಬರುತ್ತದಂತೆ. ಮೂತ್ರಪಿಂಡದ ನಾಳವೂ ಕಿರಿದಾಗಿತ್ತು, ಬಿಪಿ ಏರಿದ್ದು ಅದರಿಂದಲೇ. ಸ್ಟೆರಾಯ್ಡ್ ಬೇಕು, ಜೊತೆಗೆ ರೋಗ ತಡೆಯುವ ಇನ್ನೊಂದು ಗುಳಿಗೆ, ಬಿಪಿಯವು ಬೇರೆ. ಉರಿಯೂತ ತಣಿದ ಮೇಲೆ ಬಲೂನ್ ಹಾಕಿ ಆ ನಾಳ ಹಿಗ್ಗಿಸಬಹುದು.

"ಮತ್ತೆ ಮಕ್ಕಳು?" ಎಂದು ಶಿವಪ್ರಕಾಶ ಕೇಳಿದ.

"ಈಗ ಅದರ ಮಾತೇ ಬೇಡ. ಮೊದಲು ಇವಳು ಉಳಿಯಲಿ" ಎಂದರು ಕೇತಕಿ.

ಸುದ್ದಿ ತಿಳಿದು ಆಸ್ಪತ್ರೆಗೆ ಬಂದಿದ್ದ ಅಕ್ಕ ಹಣೆ ಚಚ್ಚಿಕೊಂಡಳು. "ಉಪ್ಪು ನಾನ ತಿನಿಸೀನಲ್ಲವಾ, ನನ್ನ ಕೈಲೇ!" ಓಣಿಯ ಡಾಕ್ಟರ್ ಹೇಳಿದಂತೆ ಮಾಡಿದ್ದೀ, ಸುಮ್ಮನಿರು ಎಂದು ಗದರಿದೆ. ಅವಳ ಕಿವಿಗೆ ಅದು ಬೀಳಲೇ ಇಲ್ಲ.

ಮಾಧುರಿ ಮಾತ್ರ ಅಳಲಿಲ್ಲ, ಮಾತೂ ಆಡಲಿಲ್ಲ. ಹೆತ್ತ ಮೂರನೇ ದಿನ ಬೆಳಿಗ್ಗೆ ಕಣ್ಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದಳು. ಎದೆಯ ಮೇಲಿನ ಬಟ್ಟೆ ತೊಯ್ದಿತ್ತು.

"ಚಿಕ್ಕವ್ವ, ಹಾಲು ಬರಾಕತ್ತದ. ಯಾರಿಗೆ ಕುಡಿಸ್ಲಿ?"